ನೀರು ಇಳಿದ ಹತ್ತನೆಯ ದಿನ

ಪ್ರವಾಹದ ಸುದ್ದಿ ಪತ್ರಿಕೆಯ ಮುಖಪುಟದಿಂದ ಒಳಪುಟಕ್ಕೆ ಸರಿಯುವ ಹೊತ್ತಿಗೆ ಇಲಿ ಜ್ವರ ಆಸ್ಪತ್ರೆಯ ಬಾಗಿಲಿಗೆ ಬರುತ್ತದೆ. ಅಷ್ಟರಲ್ಲಿ ದೋಣಿಗಳು ಹಿಂದಿರುಗಿರುತ್ತವೆ, ಪರಿಹಾರ ಕೇಂದ್ರಗಳು ಮುಚ್ಚಿರುತ್ತವೆ, ಜನ ಮನೆಗೆ ಮರಳಿ ಗೋಡೆಯ ಮೇಲಿನ ನೀರಿನ ಗುರುತು ತಿಕ್ಕುತ್ತಿರುತ್ತಾರೆ. 2018ರ ಆಗಸ್ಟ್ ಮಧ್ಯದಲ್ಲಿ ಕೇರಳ ಮುಳುಗಿತು. ಅಲ್ಲಿ ಇಲಿ ಜ್ವರದ ರೋಗಿಗಳು ಆಸ್ಪತ್ರೆಗಳಿಗೆ ಗುಂಪಾಗಿ ಬರತೊಡಗಿದ್ದು ಮಳೆ ಸುರಿಯುತ್ತಿದ್ದಾಗ ಅಲ್ಲ. ಆಗಸ್ಟ್ ಕೊನೆಗೆ ಮತ್ತು ಸೆಪ್ಟೆಂಬರ್ ಮೊದಲ ದಿನಗಳಲ್ಲಿ, ಬಿಸಿಲು ಬಿದ್ದು ನೆಲ ಒಣಗುತ್ತಿದ್ದಾಗ. ಮಲಯಾಳದಲ್ಲಿ ಇದಕ್ಕೆ ‘ಎಲಿಪ್ಪನಿ’ ಎನ್ನುತ್ತಾರೆ. ಎಲಿ ಎಂದರೆ ಇಲಿ, ಪನಿ ಎಂದರೆ ಜ್ವರ. ಗಡಿಯ ಆಚೆಗೂ ಈಚೆಗೂ ಹೆಸರು ಒಂದೇ. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗದ ವೈದ್ಯರಿಗೂ ಇದು ಮಳೆಗಾಲದ ಹಳೆಯ ಪರಿಚಯ.

ಆ ವರ್ಷದ ಒಬ್ಬ ರೋಗಿಯನ್ನು ಹಿಡಿದು ಈ ಕಾಯಿಲೆಯನ್ನು ದಿನದ ಲೆಕ್ಕದಲ್ಲಿ ಹೇಳುತ್ತೇನೆ. ಈತ ಒಬ್ಬನೇ ವ್ಯಕ್ತಿಯಲ್ಲ. ಇಂಥ ಹಲವರ ಕಥೆಗಳನ್ನು ಕೂಡಿಸಿ ಒಬ್ಬನನ್ನಾಗಿ ಮಾಡಿಕೊಂಡಿದ್ದೇನೆ. ಪುತ್ತೂರು ಕಡೆಯ ಮೂವತ್ತೈದರ ಯುವಕ, ಅಡಿಕೆ ತೋಟದ ಕೆಲಸ ಬಲ್ಲವನು. ಪಂಪಾ ನದಿ ಉಕ್ಕಿ ಚೆಂಗನ್ನೂರು ಮುಳುಗಿದಾಗ ಅಲ್ಲಿನ ಗೆಳೆಯನ ಮನೆ ತೊಳೆದುಕೊಡಲು ಹೋದ. ಆಗಸ್ಟ್ 21ರಿಂದ 23ರವರೆಗೆ ಮೂರು ದಿನ ಮೊಣಕಾಲುದ್ದದ ಕೆಸರಲ್ಲಿ ನಿಂತು ಹಾರೆಯಿಂದ ರಾಡಿ ಎಳೆದ. ಚಪ್ಪಲಿ ಕೆಸರಲ್ಲಿ ಸಿಕ್ಕಿಕೊಳ್ಳುತ್ತದೆಂದು ಬರಿಗಾಲು. ಎರಡನೆಯ ದಿನ ಮುರಿದ ಹೆಂಚೊಂದು ಹಿಮ್ಮಡಿಯನ್ನು ಸೀಳಿತು. ಬಟ್ಟೆ ಕಟ್ಟಿಕೊಂಡು ಮತ್ತೆ ಇಳಿದ. ಆರೋಗ್ಯ ಕಾರ್ಯಕರ್ತೆಯೊಬ್ಬರು ಬಂದು ಎರಡು ಮಾತ್ರೆ ಕೊಟ್ಟು ಊಟದ ನಂತರ ನುಂಗಿ ಎಂದರು. ‘ನನಗೇನೂ ಜ್ವರ ಇಲ್ಲವಲ್ಲ’ ಎಂದುಕೊಂಡು ಆತ ಅವನ್ನು ಜೇಬಿಗೆ ಹಾಕಿಕೊಂಡ. ಆ ಎರಡು ಮಾತ್ರೆಗಳ ವಿಷಯಕ್ಕೆ ಆಮೇಲೆ ಬರೋಣ.

ಕೆಸರಲ್ಲಿ ಇದ್ದದ್ದು ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ. ಸ್ಕ್ರೂವಿನ ಸುರುಳಿಯಂತೆ ತಿರುಚಿದ, ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಜೀವಿ. ತುದಿ ಕೊಕ್ಕೆಯಂತೆ ಬಾಗಿರುವುದರಿಂದ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಕಾಣುತ್ತದೆ; ಅದಕ್ಕೇ ಮುಖ್ಯ ಪ್ರಭೇದಕ್ಕೆ ‘ಇಂಟೆರೋಗನ್ಸ್’ ಎಂದು ಹೆಸರು. ಇದರ ನಿಜವಾದ ಮನೆ ಇಲಿ ಹೆಗ್ಗಣಗಳ ಮೂತ್ರಪಿಂಡ. ಅಲ್ಲಿನ ಸಣ್ಣ ಕೊಳವೆಗಳ ಒಳಗೋಡೆಗೆ ಅಂಟಿಕೊಂಡು ಇದು ವರ್ಷಗಟ್ಟಲೆ ಸಂಸಾರ ಮಾಡುತ್ತದೆ. ಇಲಿಗೆ ಏನೂ ಆಗುವುದಿಲ್ಲ. ತಿನ್ನುತ್ತದೆ, ಓಡುತ್ತದೆ, ಮರಿ ಹಾಕುತ್ತದೆ, ಉಚ್ಚೆ ಹೊಯ್ದಾಗಲೆಲ್ಲ ಲಕ್ಷಾಂತರ ಬ್ಯಾಕ್ಟೀರಿಯಾಗಳನ್ನು ಹೊರಗೆ ಚೆಲ್ಲುತ್ತದೆ. ದನ, ಹಂದಿ, ನಾಯಿಗಳ ಮೂತ್ರದಲ್ಲೂ ಇದು ಬರುವುದುಂಟು, ಹೆಸರು ಮಾತ್ರ ಇಲಿಯ ಪಾಲಿಗೆ ಬಂತು.

ಒಣ ನೆಲದ ಮೇಲೆ ಬಿದ್ದ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ. ಒದ್ದೆ ಮಣ್ಣು, ನಿಂತ ಸಿಹಿನೀರು, ಹದವಾದ ಬೆಚ್ಚಗೆ ಸಿಕ್ಕರೆ ವಾರಗಟ್ಟಲೆ ಬದುಕುತ್ತದೆ. ನೆರೆ ಬಂದಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಬಿಲಗಳಿಗೆ ನೀರು ನುಗ್ಗಿ ಇಲಿಗಳು ಜನರಿರುವ ಎತ್ತರದ ಜಾಗಕ್ಕೇ ಓಡಿ ಬರುತ್ತವೆ. ಹಟ್ಟಿ, ಚರಂಡಿ, ಗೋದಾಮುಗಳ ನೆಲದಲ್ಲಿದ್ದುದನ್ನೆಲ್ಲ ನೀರು ತೊಳೆದು ಊರಿಗೆಲ್ಲ ಹಂಚುತ್ತದೆ. ನೀರು ತುಂಬಿ ಹರಿಯುವಾಗ ಅದು ತೆಳುವಾಗಿರುತ್ತದೆ, ಜನ ದೂರವೂ ಇರುತ್ತಾರೆ. ಇಳಿದ ಮೇಲೆ ಉಳಿಯುವ ಕೆಸರು ಗಟ್ಟಿ, ಅದರಲ್ಲಿ ಜನ ದಿನವಿಡೀ ನಿಂತಿರುತ್ತಾರೆ. ಚರ್ಮದಲ್ಲಿ ಗಾಯವಿದ್ದರೆ ಅದೇ ಹೆಬ್ಬಾಗಿಲು. ಇಲ್ಲದಿದ್ದರೂ ಹೊತ್ತುಗಟ್ಟಲೆ ನೆನೆದು ಬೆಳ್ಳಗೆ ಸುಕ್ಕುಗಟ್ಟಿದ ಪಾದ, ಕೆಸರು ಸಿಡಿದ ಕಣ್ಣು, ಮೂಗು, ಬಾಯಿ ಸಾಕು.

ಬ್ಯಾಕ್ಟೀರಿಯಾ ಒಳಗೆ ಹೋದ ದಿನ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಜ್ವರ ಬರಲು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನ, ಕೆಲವರಲ್ಲಿ ತಿಂಗಳ ತನಕವೂ ಹಿಡಿಯಬಹುದು. ಈ ಅಂತರವೇ ದೊಡ್ಡ ಮೋಸ. ನಮ್ಮ ಯುವಕ ಊರಿಗೆ ಮರಳಿದ, ತೋಟಕ್ಕೆ ಹೋದ, ಹಿಮ್ಮಡಿಯ ಗಾಯ ಮಾಯಿತು, ಚೆಂಗನ್ನೂರು ಮರೆತೇ ಹೋಯಿತು. ಸೆಪ್ಟೆಂಬರ್ 1ರ ಸಂಜೆ ದಿಢೀರನೆ ಚಳಿ ಜ್ವರ.

ಇಲಿ ಜ್ವರ ಹೆಚ್ಚಾಗಿ ಹೀಗೇ ಬರುತ್ತದೆ. ಶೀತದಂತೆ ನಿಧಾನವಾಗಿ ಏರುವುದಿಲ್ಲ. ಇಂಥ ದಿನ ಇಂಥ ಹೊತ್ತಿಗೆ ಶುರುವಾಯಿತು ಎಂದು ರೋಗಿ ಹೇಳಬಲ್ಲ. ಮೈ ನಡುಕ, ತಲೆ ಸಿಡಿತ, ವಾಂತಿ, ಜೊತೆಗೆ ಮೈಕೈ ನೋವು. ಮೈಕೈ ನೋವು ಎಲ್ಲ ಜ್ವರಕ್ಕೂ ಉಂಟು. ಆದರೆ ಇಲ್ಲಿನ ನೋವು ಕಾಲಿನ ಮೀನಖಂಡ ಮತ್ತು ಸೊಂಟದಲ್ಲಿ ಬೀಡುಬಿಡುತ್ತದೆ. ಮೀನಖಂಡವನ್ನು ಮೆಲ್ಲಗೆ ಒತ್ತಿದರೂ ಗಟ್ಟಿ ಆಳುಗಳು ‘ಅಯ್ಯೋ’ ಎಂದು ಕಾಲೆಳೆದುಕೊಳ್ಳುತ್ತಾರೆ. ಕೆಲವರು ಎದ್ದು ಶೌಚಕ್ಕೆ ನಡೆಯಲಾರರು. ಇನ್ನೊಂದು ಗುರುತು ಕಣ್ಣು. ಬಿಳಿಭಾಗ ಕೆಂಪಾಗುತ್ತದೆ, ಆದರೆ ಕಣ್ಣು ಬೇನೆಯಲ್ಲಿ ಬರುವಂಥ ಪಿಸುರು, ಅಂಟು ಇರುವುದಿಲ್ಲ. ಜ್ವರ, ಮೀನಖಂಡದ ನೋವು, ಪಿಸುರಿಲ್ಲದ ಕೆಂಪು ಕಣ್ಣು: ಮಳೆಗಾಲದಲ್ಲಿ ಈ ಮೂರು ಒಟ್ಟಿಗೆ ಕಂಡರೆ ನೆರೆ, ಗದ್ದೆ, ಚರಂಡಿಯ ವಿಚಾರ ಕೇಳದ ವೈದ್ಯ ಅರ್ಧ ಪರೀಕ್ಷೆಯನ್ನೇ ಬಿಟ್ಟ ಹಾಗೆ.

ಇದು ಕಾಯಿಲೆಯ ಮೊದಲ ಹಂತ. ಈ ನಾಲ್ಕೈದು ದಿನ, ಹೆಚ್ಚೆಂದರೆ ಒಂದು ವಾರ, ಬ್ಯಾಕ್ಟೀರಿಯಾ ರಕ್ತದಲ್ಲಿ ಈಜುತ್ತಿರುತ್ತದೆ; ರಕ್ತದ ದಾರಿಯಲ್ಲಿ ಎಲ್ಲ ಅಂಗಗಳಿಗೂ ಹೋಗುತ್ತದೆ. ಆ್ಯಂಟಿಬಯಾಟಿಕ್‌ಗೆ ಇದು ಅತ್ಯಂತ ಸುಲಭವಾಗಿ ಸಿಗುವ ಹೊತ್ತು ಇದೇ.

ಸೆಪ್ಟೆಂಬರ್ 3ಕ್ಕೆ ಆತ ಹತ್ತಿರದ ಕ್ಲಿನಿಕ್ಕಿಗೆ ಹೋದ. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ 1.1 ಲಕ್ಷ. ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಇಳಿದಿದೆ ಎಂದರೆ ಎಲ್ಲರ ಬಾಯಲ್ಲೂ ಬರುವ ಹೆಸರು ಡೆಂಗಿ. ಡೆಂಗಿ ಪರೀಕ್ಷೆ ನೆಗೆಟಿವ್ ಬಂತು, ಇಲಿ ಜ್ವರದ ಪರೀಕ್ಷೆಯನ್ನೂ ಮಾಡಿದರು, ಅದೂ ನೆಗೆಟಿವ್. ‘ವೈರಲ್ ಜ್ವರ, ಎರಡು ದಿನದಲ್ಲಿ ಹೋಗುತ್ತದೆ’ ಎಂದು ನೋವಿಗೊಂದು ಇಂಜೆಕ್ಷನ್, ಕೆಲವು ಮಾತ್ರೆ ಕೊಟ್ಟು ಕಳಿಸಿದರು.

ಇಲ್ಲಿ ಮೂರು ಎಡವಟ್ಟು ಆಗಿದೆ, ಮೂರೂ ದಿನನಿತ್ಯ ಆಗುವಂಥವು. ಮೊದಲನೆಯದು, ಆ ವರದಿಯಲ್ಲಿ ಬಿಳಿ ರಕ್ತಕಣ 14,000 ಇತ್ತು. ಡೆಂಗಿಯಲ್ಲಿ ಬಿಳಿಕಣ ಸಾಮಾನ್ಯವಾಗಿ ಇಳಿಯುತ್ತದೆ, ಮೂರು ನಾಲ್ಕು ಸಾವಿರಕ್ಕೆ ಬರುವುದೂ ಉಂಟು. ಇಲಿ ಜ್ವರ ಬ್ಯಾಕ್ಟೀರಿಯಾದ ಕಾಯಿಲೆಯಾದ್ದರಿಂದ ಅದು ಹೆಚ್ಚಾಗಿ ಏರುತ್ತದೆ. ಪ್ಲೇಟ್‌ಲೆಟ್ ಇಳಿದು ಬಿಳಿಕಣ ಏರಿದ್ದರೆ ಡೆಂಗಿಯ ಆಚೆಗೂ ಯೋಚಿಸಬೇಕು. ಎರಡನೆಯದು, ಇಲಿ ಜ್ವರಕ್ಕೆ ಸಾಮಾನ್ಯವಾಗಿ ಮಾಡುವ ಐಜಿಎಂ ಪರೀಕ್ಷೆ ಬ್ಯಾಕ್ಟೀರಿಯಾವನ್ನು ಹುಡುಕುವುದಿಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯವನ್ನು ಹುಡುಕುತ್ತದೆ. ಅದು ತಯಾರಾಗಲು ಜ್ವರ ಶುರುವಾದ ಮೇಲೆ ಐದರಿಂದ ಏಳು ದಿನ ಬೇಕು. ಮೂರನೆಯ ದಿನದ ನೆಗೆಟಿವ್ ವರದಿಗೆ ‘ಇಲ್ಲ’ ಎಂಬ ಅರ್ಥವಿಲ್ಲ, ‘ಇನ್ನೂ ಗೊತ್ತಿಲ್ಲ’ ಎಂದಷ್ಟೇ. ಮೊದಲ ವಾರದಲ್ಲಿ ಬ್ಯಾಕ್ಟೀರಿಯಾದ ತುಣುಕನ್ನೇ ಹಿಡಿಯುವ ಪಿಸಿಆರ್ ಪರೀಕ್ಷೆ ಮೇಲು, ಆದರೆ ತಾಲ್ಲೂಕು ಮಟ್ಟದಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ನೆರೆ ನೀರಿನ ಸಂಪರ್ಕ ಮತ್ತು ಲಕ್ಷಣ ಕೂಡಿಬಂದರೆ ವರದಿಗೆ ಕಾಯದೆ ಔಷಧಿ ಶುರುಮಾಡಬೇಕು. ಮೂರನೆಯದು ಆ ನೋವಿನ ಇಂಜೆಕ್ಷನ್. ಡೈಕ್ಲೋಫಿನಾಕ್, ಐಬುಪ್ರೊಫೇನ್‌ನಂಥ ನೋವುನಿವಾರಕಗಳು ಮೂತ್ರಪಿಂಡದ ರಕ್ತ ಸಂಚಾರವನ್ನು ತಗ್ಗಿಸುತ್ತವೆ. ವಾಂತಿಯಿಂದ ನೀರು ಬತ್ತಿದ ದೇಹದಲ್ಲಿ, ಈಗಾಗಲೇ ಬ್ಯಾಕ್ಟೀರಿಯಾ ಸೇರಿಕೊಂಡ ಮೂತ್ರಪಿಂಡಕ್ಕೆ ಇದು ಬೆನ್ನ ಮೇಲೆ ಬಿದ್ದ ಎರಡನೆಯ ಏಟು. ಇಲ್ಲಿ ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್ ಸಾಕು.

ಯಾರೂ ಕೇಳದೇ ಹೋದ ಪ್ರಶ್ನೆ ಒಂದಿತ್ತು: ಕಳೆದ ಮೂರು ನಾಲ್ಕು ವಾರದಲ್ಲಿ ಎಲ್ಲಿ ನೀರಿಗೆ ಇಳಿದಿದ್ದಿರಿ? ಆತನೂ ಹೇಳಲಿಲ್ಲ. ಹತ್ತು ದಿನದ ಹಿಂದಿನ ಕೆಸರಿಗೂ ಇವತ್ತಿನ ಜ್ವರಕ್ಕೂ ಸಂಬಂಧ ಇದೆಯೆಂದು ಅವನಿಗೆ ತೋಚುವುದಾದರೂ ಹೇಗೆ?

ಸೆಪ್ಟೆಂಬರ್ 5, ಜ್ವರದ ಐದನೆಯ ದಿನ. ಬೆಳಗ್ಗೆ ಮೈ ತಣ್ಣಗಿತ್ತು. ಗಂಜಿ ಕುಡಿದ, ಅಂಗಳದಲ್ಲಿ ಕೂತ. ಮನೆಯವರು ನಿಟ್ಟುಸಿರು ಬಿಟ್ಟರು. ಇಲಿ ಜ್ವರದಲ್ಲಿ ನಾನು ಹೆಚ್ಚು ಹೆದರುವುದು ಈ ಒಳ್ಳೆಯ ದಿನಕ್ಕೆ.

ಹತ್ತರಲ್ಲಿ ಒಂಬತ್ತು ಮಂದಿಗೆ ಇಲಿ ಜ್ವರ ಸೌಮ್ಯವಾಗಿಯೇ ಮುಗಿಯುತ್ತದೆ ಎಂಬುದನ್ನು ಮೊದಲು ಹೇಳಬೇಕು. ಅವರಿಗೆ ಈ ಒಳ್ಳೆಯ ದಿನ ನಿಜವಾಗಿಯೂ ಒಳ್ಳೆಯದೇ. ಉಳಿದವರಲ್ಲಿ ಒಂದರಿಂದ ಮೂರು ದಿನದ ಬಿಡುವಿನ ನಂತರ ಎರಡನೆಯ ಹಂತ ಬರುತ್ತದೆ. ಈ ಹೊತ್ತಿಗೆ ಪ್ರತಿಕಾಯಗಳು ರಕ್ತಕ್ಕೆ ಇಳಿದು ಬ್ಯಾಕ್ಟೀರಿಯಾಗಳನ್ನು ಅಲ್ಲಿಂದ ಓಡಿಸಿರುತ್ತವೆ. ಜ್ವರ ಇಳಿದದ್ದು ಅದಕ್ಕೇ. ಆದರೆ ಪ್ರತಿಕಾಯಗಳ ಕೈಗೆ ಸುಲಭವಾಗಿ ಸಿಗದ ಜಾಗಗಳಲ್ಲಿ, ಅಂದರೆ ಮೂತ್ರಪಿಂಡದ ಕೊಳವೆಗಳಲ್ಲಿ, ಕಣ್ಣಿನೊಳಗೆ ಅವು ಉಳಿದಿರುತ್ತವೆ. ಈಗಿನ ಹಾನಿಯಲ್ಲಿ ಬ್ಯಾಕ್ಟೀರಿಯಾದ ಪಾಲೆಷ್ಟೋ ಅದರ ಮೇಲೆ ಎದ್ದ ನಮ್ಮದೇ ರೋಗನಿರೋಧಕ ಪಡೆಯ ಪಾಲೂ ಅಷ್ಟೇ. ಕೆಲವರಿಗೆ ಮಿದುಳಿನ ಹೊದಿಕೆ ಉರಿದು ಕತ್ತು ಬಿಗಿಯುತ್ತದೆ, ತಲೆನೋವು ಮರಳುತ್ತದೆ. ಕೆಲವರಿಗೆ ವಾರ, ತಿಂಗಳುಗಳ ನಂತರ ಕಣ್ಣೊಳಗೆ ಉರಿಯೂತವಾಗಿ ದೃಷ್ಟಿ ಮಂಜಾಗುತ್ತದೆ. ತೀವ್ರವಾದವರಲ್ಲಿ ಎರಡು ಹಂತಗಳ ನಡುವೆ ಬಿಡುವೇ ಇರುವುದಿಲ್ಲ. ಒಂದರ ಮೇಲೊಂದು ಏರಿ ಬರುತ್ತವೆ. ಪುಸ್ತಕದ ಎರಡು ಹಂತ ಓದಲು ಚೆಂದ, ವಾರ್ಡಿನಲ್ಲಿ ಅಷ್ಟು ಚೊಕ್ಕವಾಗಿ ಸಿಗುವುದು ಅಪರೂಪ.

6ನೇ ತಾರೀಕು ಕಣ್ಣು ಹಳದಿಯಾಯಿತು, ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿತು. ‘ಕಾಮಾಲೆ’ ಎಂದರು ಅಕ್ಕಪಕ್ಕದವರು. 7ರಂದು ಅಮ್ಮ, ಭಾವ ಸೇರಿ ಕಾಮಾಲೆಗೆ ಮದ್ದು ಕೊಡುವವರ ಮನೆಗೆ ಕರೆದೊಯ್ದರು. ಸೊಪ್ಪಿನ ರಸ, ಉಪ್ಪಿಲ್ಲದ ಪಥ್ಯ, ಎಣ್ಣೆ ವರ್ಜ್ಯ. ನಮ್ಮ ಕಡೆ ಕಾಮಾಲೆಯ ನಾಟಿ ಮದ್ದಿಗೆ ಇರುವ ನಂಬಿಕೆ ನನಗೆ ಅರ್ಥವಾಗುತ್ತದೆ. ಸಾಮಾನ್ಯ ವೈರಲ್ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿ ವಾಸಿಯಾಗುತ್ತದೆ, ಯಶಸ್ಸು ಮದ್ದಿನ ಹೆಸರಿಗೆ ಹೋಗುತ್ತದೆ. ಆದರೆ ಇದು ಆ ಕಾಮಾಲೆ ಅಲ್ಲ. ವೈರಲ್ ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಸಾಮಾನ್ಯವಾಗಿ ಬಿಟ್ಟಿರುತ್ತದೆ. ಇಲಿ ಜ್ವರದಲ್ಲಿ ಹಳದಿಯ ಜೊತೆಗೇ ಜ್ವರ ಇರುತ್ತದೆ ಅಥವಾ ಮರಳಿ ಬರುತ್ತದೆ, ಮೈ ನೋವೂ ಇರುತ್ತದೆ. ಜ್ವರ ಇರುವಾಗ ಬಂದ ಕಾಮಾಲೆ ಎಂದರೆ ಆ ದಿನವೇ ಆಸ್ಪತ್ರೆ.

8ರ ಬೆಳಗ್ಗೆ ಆತನಿಗೆ ಹಿಂದಿನ ಮಧ್ಯಾಹ್ನದಿಂದ ಮೂತ್ರ ಬಂದದ್ದು ಅರ್ಧ ಲೋಟದಷ್ಟು. ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಅಲ್ಲಿನ ವೈದ್ಯೆ ಮೀನಖಂಡ ಒತ್ತಿ ನೋಡಿ ಕೇಳಿದರು, ‘ಕಳೆದ ತಿಂಗಳು ಎಲ್ಲಾದರೂ ನೀರಲ್ಲಿ, ಕೆಸರಲ್ಲಿ ಕೆಲಸ ಮಾಡಿದ್ರಾ?’

‘ಚೆಂಗನ್ನೂರಿಗೆ ಹೋಗಿದ್ದೆ ಡಾಕ್ಟ್ರೇ, ಮನೆ ತೊಳೆಯಲಿಕ್ಕೆ.’

ರೋಗ ಪತ್ತೆಯಾದದ್ದು ಆ ಒಂದು ವಾಕ್ಯದಲ್ಲಿ. ಉಳಿದದ್ದೆಲ್ಲ ಅದಕ್ಕೆ ಸಾಕ್ಷಿ.

ಆ ದಿನದ ವರದಿ ಹೀಗಿತ್ತು. ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ 14. ಆರೋಗ್ಯವಂತರಲ್ಲಿ ಅದು 1ರ ಆಸುಪಾಸು. ಯಕೃತ್ತಿನ ಜೀವಕೋಶ ಒಡೆದಾಗ ರಕ್ತಕ್ಕೆ ಸೋರುವ ಎಸ್‌ಜಿಪಿಟಿ ಎಂಬ ಕಿಣ್ವ ಕೇವಲ 110. ಈ ಎರಡು ಅಂಕಿಗಳ ಜೋಡಿಯೇ ಕಥೆ ಹೇಳುತ್ತದೆ. ಇಷ್ಟು ಹಳದಿಯಾದ ವೈರಲ್ ಕಾಮಾಲೆಯ ರೋಗಿಯಲ್ಲಿ ಆ ಕಿಣ್ವ ಸಾವಿರ, ಎರಡು ಸಾವಿರ ತಲುಪಿರುತ್ತದೆ, ಏಕೆಂದರೆ ಅಲ್ಲಿ ಯಕೃತ್ತಿನ ಜೀವಕೋಶಗಳೇ ಸಾಯುತ್ತವೆ. ಇಲಿ ಜ್ವರದಲ್ಲಿ ಸಾಯುವ ಜೀವಕೋಶಗಳು ಕಡಿಮೆ. ಬ್ಯಾಕ್ಟೀರಿಯಾ ಜೀವಕೋಶಗಳ ನಡುವೆ ನುಸುಳಿ ಅವನ್ನು ಒಂದಕ್ಕೊಂದು ಹಿಡಿದಿಟ್ಟ ಬೆಸುಗೆಯನ್ನು ಸಡಿಲಿಸುತ್ತದೆ. ನೆರೆ ನೀರು ಗೋಡೆಯ ಕಲ್ಲನ್ನು ಒಡೆಯದೆ ನಡುವಿನ ಗಾರೆಯನ್ನಷ್ಟೇ ಕರಗಿಸಿದಂತೆ. ಆ ಸಂದುಗಳಲ್ಲಿ ಹರಿಯಬೇಕಾದ ಪಿತ್ತರಸ ಸೋರಿ ರಕ್ತಕ್ಕೆ ಸೇರುತ್ತದೆ, ಮೈ ಹಳದಿಯಾಗುತ್ತದೆ. ಕಲ್ಲುಗಳು ಗಟ್ಟಿಯಾಗಿರುವುದರಿಂದ ಗಾರೆ ಮತ್ತೆ ಕೂಡುತ್ತದೆ. ಹಳದಿ ಎಷ್ಟೇ ಗಾಢವಾಗಿದ್ದರೂ ಇಲಿ ಜ್ವರದ ರೋಗಿ ಯಕೃತ್ತು ಸೋತು ಸಾಯುವುದು ವಿರಳ, ವಾಸಿಯಾದ ಮೇಲೆ ಯಕೃತ್ತಿನಲ್ಲಿ ಕಲೆಯೂ ಉಳಿಯುವುದಿಲ್ಲ. ಮನೆಯವರು ಹೆದರುವುದು ಕಣ್ಣಿಗೆ ಕಾಣುವ ಹಳದಿಗೆ. ವೈದ್ಯರು ನೋಡುವುದು ಮಂಚದ ಕೆಳಗಿನ ಮೂತ್ರದ ಚೀಲವನ್ನು.

ಮೂತ್ರಪಿಂಡದ ಕೆಲಸ ಹೇಳುವ ಕ್ರಿಯಾಟಿನಿನ್ 5.2 ಇತ್ತು, ಇರಬೇಕಾದದ್ದು ಸುಮಾರು 1. ಪೊಟ್ಯಾಸಿಯಂ 3.1. ಮೂತ್ರಪಿಂಡ ಕೈಕೊಟ್ಟರೆ ಪೊಟ್ಯಾಸಿಯಂ ಹೊರಹೋಗಲಾರದೆ ರಕ್ತದಲ್ಲಿ ಏರುವುದು ವಾಡಿಕೆ. ಎಳನೀರು ಕುಡಿಯಬೇಡಿ ಎಂದು ಕಿಡ್ನಿ ರೋಗಿಗಳಿಗೆ ಹೇಳುವುದು ಅದಕ್ಕೇ. ಇಲ್ಲಿ ಅದು ಇಳಿದಿದೆ. ಕಾರಣ ಮೂತ್ರಪಿಂಡದ ಒಳಗಿನ ವಿವರದಲ್ಲಿದೆ. ಮೂತ್ರಪಿಂಡದಲ್ಲಿ ಮೊದಲು ರಕ್ತವನ್ನು ಸೋಸುವ ಜರಡಿಗಳಿವೆ. ಸೋಸಿ ಬಂದ ದ್ರವದಿಂದ ಬೇಕಾದ ಉಪ್ಪು, ನೀರನ್ನು ಮರಳಿ ಹೀರುವ ಕೊಳವೆಗಳು ಆಮೇಲೆ ಬರುತ್ತವೆ. ಲೆಪ್ಟೋಸ್ಪೈರಾ ಜರಡಿಯ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಇಲಿಯಲ್ಲಿ ಎಲ್ಲಿ ಮನೆ ಮಾಡಿತ್ತೋ ಮನುಷ್ಯನಲ್ಲೂ ಅದೇ ಕೊಳವೆಗಳನ್ನು ಹುಡುಕಿಕೊಂಡು ಹೋಗುತ್ತದೆ. ಇಲಿಯ ದೇಹ ಅದನ್ನು ಬಾಡಿಗೆದಾರನಂತೆ ಸಹಿಸಿಕೊಂಡಿದೆ, ನಮ್ಮ ದೇಹ ಸಹಿಸುವುದಿಲ್ಲ. ಕೊಳವೆಗಳ ಸುತ್ತ ಉರಿಯೂತ ಶುರುವಾಗುತ್ತದೆ, ಉಪ್ಪು ಹೀರುವ ಯಂತ್ರ ನಿಲ್ಲುತ್ತದೆ. ಆರಂಭದಲ್ಲಿ ಸೋಡಿಯಂ, ಪೊಟ್ಯಾಸಿಯಂ, ನೀರು ಎಲ್ಲವೂ ಮೂತ್ರದಲ್ಲಿ ಪೋಲಾಗುತ್ತವೆ. ಅಂದರೆ ಮೂತ್ರ ಧಾರಾಳವಾಗಿ ಹೋಗುತ್ತಿರುವಾಗಲೇ ಮೂತ್ರಪಿಂಡ ಸೋಲುತ್ತಿರುತ್ತದೆ. ಮೂತ್ರ ಹೋಗುತ್ತಿದೆಯಲ್ಲ, ಕಿಡ್ನಿ ಚೆನ್ನಾಗಿದೆ ಎಂಬ ಸಮಾಧಾನ ಇಲ್ಲಿ ಸಲ್ಲದು, ಕ್ರಿಯಾಟಿನಿನ್ ನೋಡಲೇಬೇಕು. ಈ ಪೋಲು, ವಾಂತಿ, ಜ್ವರದ ಬೆವರು ಸೇರಿ ದೇಹ ಒಣಗಿದಾಗ, ರಕ್ತದೊತ್ತಡ ಇಳಿದಾಗ ಮೂತ್ರ ನಿಲ್ಲುತ್ತದೆ. ನಮ್ಮ ಯುವಕ ಬಂದದ್ದು ಆ ಘಟ್ಟಕ್ಕೆ.

ಜ್ವರ, ಹಳದಿ, ಮೂತ್ರಪಿಂಡದ ಸೋಲು: ಈ ಮೂರನ್ನು ಒಟ್ಟಿಗೆ ಕಂಡು 1886ರಲ್ಲಿ ಬರೆದವರು ಜರ್ಮನಿಯ ಅಡಾಲ್ಫ್ ವೈಲ್. ತೀವ್ರ ರೂಪಕ್ಕೆ ಇಂದಿಗೂ ‘ವೈಲ್ಸ್ ಕಾಯಿಲೆ’ ಎಂದೇ ಹೆಸರು. ಕಾರಣವಾದ ಬ್ಯಾಕ್ಟೀರಿಯಾ ಸಿಕ್ಕಿದ್ದು ಮತ್ತೆ ಸುಮಾರು ಮೂವತ್ತು ವರ್ಷದ ನಂತರ, ಜಪಾನಿನಲ್ಲಿ. ಈ ರೂಪಕ್ಕೆ ಹೋದವರಲ್ಲಿ ನೂರಕ್ಕೆ ಐದರಿಂದ ಹದಿನೈದು ಮಂದಿ ಸಾಯುತ್ತಾರೆ. ಶ್ವಾಸಕೋಶದೊಳಗೆ ರಕ್ತ ಸೋರಿ ಕೆಮ್ಮಿನಲ್ಲಿ ರಕ್ತ ಬಂದರೆ ಲೆಕ್ಕವೇ ಬೇರೆ, ಅಂಥವರಲ್ಲಿ ಅರ್ಧದಷ್ಟು ಜನ ಉಳಿಯುವುದಿಲ್ಲ. ಹಳದಿಯೇ ಆಗದೆಯೂ ಇದು ಬರಬಹುದು. ಇಲಿ ಜ್ವರದ ಶಂಕೆ ಇರುವವರಿಗೆ ಕೆಮ್ಮು, ಏದುಸಿರು ಶುರುವಾದರೆ ಗಂಟೆಗಳ ಲೆಕ್ಕ.

ಈಗ ಔಷಧಿಯ ವಿಷಯ. ಲೆಪ್ಟೋಸ್ಪೈರಾ ನಮ್ಮ ಕಾಲದ ಹಟಮಾರಿ ಬ್ಯಾಕ್ಟೀರಿಯಾಗಳಂತೆ ಔಷಧಿಗೆ ಬಗ್ಗದ ಜಾತಿಯದಲ್ಲ. ಹಳೆಯ, ಅಗ್ಗದ ಔಷಧಿಗಳಿಗೇ ಸಾಯುತ್ತದೆ. ಮೊದಲ ದಿನಗಳಲ್ಲಿ, ರೋಗಿ ನಡೆದಾಡುತ್ತಿರುವಾಗ ಸಿಕ್ಕಿಬಿದ್ದರೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, ಏಳು ದಿನ. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಸಾಮಾನ್ಯವಾಗಿ ಇದನ್ನು ಬಿಟ್ಟು ಅಮಾಕ್ಸಿಸಿಲಿನ್ ಅಥವಾ ಅಜಿತ್ರೊಮೈಸಿನ್ ಕೊಡುತ್ತಾರೆ. ತೀವ್ರವಾದವರಿಗೆ ರಕ್ತನಾಳದ ಮೂಲಕ ಪೆನಿಸಿಲಿನ್, 15 ಲಕ್ಷ ಯೂನಿಟ್ ಆರು ಗಂಟೆಗೊಮ್ಮೆ. ಇಲ್ಲವೇ ಸೆಫ್ಟ್ರಿಯಾಕ್ಸೋನ್ ದಿನಕ್ಕೊಂದು ಗ್ರಾಂ, ಅದೂ ಏಳು ದಿನ. 2003ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಪ್ರಯೋಗವೊಂದು ಈ ಎರಡನ್ನು ಎದುರುಬದುರು ಇಟ್ಟು ನೋಡಿ ಸಮಬಲವೆಂದು ಕಂಡಿತು. ದಿನಕ್ಕೆ ನಾಲ್ಕು ಸಲದ ಬದಲು ಒಂದೇ ಸಲ ಚುಚ್ಚಿದರೆ ಸಾಕೆನ್ನುವುದು ಸಣ್ಣ ಆಸ್ಪತ್ರೆಗೆ ದೊಡ್ಡ ಅನುಕೂಲ.

ತಡವಾಗಿ ಕೊಟ್ಟ ಆ್ಯಂಟಿಬಯಾಟಿಕ್ ಎಷ್ಟು ಕೆಲಸ ಮಾಡುತ್ತದೆ ಎಂಬಲ್ಲಿ ಮಾತ್ರ ವೈದ್ಯಲೋಕ ಒಮ್ಮತಕ್ಕೆ ಬಂದಿಲ್ಲ. 1988ರ ಫಿಲಿಪೀನ್ಸ್ ಪ್ರಯೋಗದಲ್ಲಿ ತಡವಾಗಿ, ತೀವ್ರ ಸ್ಥಿತಿಯಲ್ಲಿ ಬಂದವರಿಗೂ ಪೆನಿಸಿಲಿನ್ ಕೊಟ್ಟಾಗ ಜ್ವರ ಬೇಗ ಇಳಿಯಿತು, ಕ್ರಿಯಾಟಿನಿನ್ ಬೇಗ ಸರಿಹೋಯಿತು. 2003ರಲ್ಲಿ ಬಂದ ಬ್ರೆಜಿಲ್‌ನ ಪ್ರಯೋಗದಲ್ಲಿ ತಡವಾಗಿ ಬಂದವರಿಗೆ ಅಂಥ ಲಾಭ ಕಾಣಲಿಲ್ಲ. ಎರಡನೆಯ ಹಂತದ ಹಾನಿಯಲ್ಲಿ ಅರ್ಧ ನಮ್ಮದೇ ದೇಹದ ಕೆಲಸವಾದ್ದರಿಂದ ಇದು ಅಚ್ಚರಿಯೂ ಅಲ್ಲ. ಆದರೂ ಯಾವ ವೈದ್ಯರೂ ತಡವಾಯಿತೆಂದು ಔಷಧಿ ಬಿಡುವುದಿಲ್ಲ, ಬಿಡಬಾರದು. ಹಾಗೆಂದು ಐದನೆಯ ದಿನಕ್ಕೂ ಎಂಟನೆಯ ದಿನಕ್ಕೂ ಒಂದೇ ಫಲ ಎಂದುಕೊಳ್ಳಬಾರದು.

ಔಷಧಿ ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ ಕೆಲವರಿಗೆ ಜ್ವರ, ನಡುಕ ಇನ್ನಷ್ಟು ಏರಿ ರಕ್ತದೊತ್ತಡ ಇಳಿಯುತ್ತದೆ. ಸತ್ತ ಬ್ಯಾಕ್ಟೀರಿಯಾಗಳ ಚೂರುಗಳಿಗೆ ದೇಹ ತೋರುವ ಸಿಟ್ಟು ಇದು. ‘ಇಂಜೆಕ್ಷನ್ ಆಗಿ ಬರಲಿಲ್ಲ, ನಿಲ್ಲಿಸಿ’ ಎಂದು ಮನೆಯವರು ಗಲಾಟೆ ಮಾಡುವುದುಂಟು. ಅಲರ್ಜಿ ಅಲ್ಲವೆಂದು ವೈದ್ಯರು ಖಚಿತಪಡಿಸಿಕೊಂಡರೆ ನಿಲ್ಲಿಸಬೇಕಾಗಿಲ್ಲ. ಸಾಮಾನ್ಯವಾಗಿ ಒಂದು ದಿನದೊಳಗೆ ತಣಿಯುತ್ತದೆ.

ನಮ್ಮ ಯುವಕನಿಗೆ ಸೆಫ್ಟ್ರಿಯಾಕ್ಸೋನ್ ಶುರುವಾಯಿತು, ಸಲೈನ್ ಏರಿತು. ಸಲೈನ್ ಹಾಕುವಾಗಲೂ ಅಳತೆ ಬೇಕು: ಒಣಗಿದ ದೇಹಕ್ಕೆ ನೀರು ಬೇಕೇ ಬೇಕು, ಆದರೆ ಮೂತ್ರ ನಿಂತವನಿಗೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂತ್ರ ಬರಲಿಲ್ಲ. ಅದೇ ರಾತ್ರಿ ಡಯಾಲಿಸಿಸ್, ಮರುದಿನ ಮತ್ತೆ, 10ಕ್ಕೆ ಮತ್ತೊಮ್ಮೆ. ‘ಒಮ್ಮೆ ಡಯಾಲಿಸಿಸ್ ಶುರುವಾದರೆ ಜೀವನವಿಡೀ ಮಾಡಿಸಬೇಕಲ್ವಾ?’ ಎಂದು ಭಾವ ಕೇಳಿದರು. ಎಲ್ಲರೂ ಕೇಳುತ್ತಾರೆ, ಈ ಭಯದಿಂದಲೇ ಎಷ್ಟೋ ಮಂದಿ ಒಪ್ಪಿಗೆಗೆ ಒಂದು ದಿನ ತಡಮಾಡುತ್ತಾರೆ. ಇಲಿ ಜ್ವರದಲ್ಲಿ ಅದು ನಿಜವಲ್ಲ. ಕೆಟ್ಟದ್ದು ಕೊಳವೆಯ ಒಳಪದರ. ಅದು ಮತ್ತೆ ಬೆಳೆಯುತ್ತದೆ. ಡಯಾಲಿಸಿಸ್ ಇಲ್ಲಿ ಸೇತುವೆ ಮಾತ್ರ, ಕೊಳವೆಗಳು ಚೇತರಿಸಿಕೊಳ್ಳುವವರೆಗೆ. ಬೇಗ ಶುರುಮಾಡಿ ದಿನವೂ ಮಾಡಿದವರಲ್ಲಿ ಸಾವು ಬಹಳ ಕಡಿಮೆ ಎಂದು ಬ್ರೆಜಿಲ್‌ನ ಸಾವೊ ಪೌಲೊ ವೈದ್ಯರು ತೋರಿಸಿಕೊಟ್ಟಿದ್ದಾರೆ.

ಎಂಟನೆಯ ದಿನ ಕಳಿಸಿದ ಐಜಿಎಂ ಈ ಸಲ ಪಾಸಿಟಿವ್ ಬಂತು. 11ರಂದು ಮೂತ್ರ ಮರಳಿತು. 13, ಚೌತಿಯ ದಿನ, ಮೂರು ಲೀಟರು ಹೋಯಿತು. ಎಳೆಯ ಕೊಳವೆಗಳಿಗೆ ಇನ್ನೂ ಹೀರುವ ಕೆಲಸ ಬಾರದ ಲಕ್ಷಣ. ಆ ದಿನಗಳಲ್ಲಿ ಪೊಟ್ಯಾಸಿಯಂ ಮತ್ತೆ ಇಳಿಯದಂತೆ ಕಾಯಬೇಕಾಯಿತು. 18ಕ್ಕೆ ಮನೆಗೆ ಹೋದ. ಕಣ್ಣಿನ ಹಳದಿ ಇನ್ನೂ ಕೆಲವು ವಾರ ಉಳಿದಿತ್ತು, ಅದಕ್ಕೆ ಬೇರೆ ಔಷಧಿ ಬೇಕಾಗಲಿಲ್ಲ. ಆರು ವಾರದ ನಂತರ ಕ್ರಿಯಾಟಿನಿನ್ 1.1.

ಮರೆತ ಆ ಎರಡು ಮಾತ್ರೆ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಮಿನವು. 2018ರ ನೆರೆಯ ನಂತರ ಕೇರಳದ ಆರೋಗ್ಯ ಇಲಾಖೆ ರಕ್ಷಣಾ ಕಾರ್ಯಕರ್ತರಿಗೂ ಮನೆ ತೊಳೆಯುವವರಿಗೂ ವಾರಕ್ಕೊಮ್ಮೆ 200 ಮಿಲಿಗ್ರಾಂ ಹಂಚಿತು. ಇದರ ಬೇರು 1980ರ ದಶಕದಲ್ಲಿದೆ. ಪನಾಮಾದ ಕಾಡಿನಲ್ಲಿ ತರಬೇತಿಗೆ ಹೋದ ಅಮೆರಿಕದ ಸೈನಿಕರಲ್ಲಿ ಅರ್ಧ ಮಂದಿಗೆ ವಾರಕ್ಕೊಮ್ಮೆ ಈ ಮಾತ್ರೆ, ಉಳಿದರ್ಧಕ್ಕೆ ಹುಸಿ ಮಾತ್ರೆ ಕೊಟ್ಟರು. ಹುಸಿ ಮಾತ್ರೆಯವರಲ್ಲಿ ನೂರಕ್ಕೆ ಸುಮಾರು ನಾಲ್ಕು ಮಂದಿಗೆ ಇಲಿ ಜ್ವರ ಬಂತು. ನಿಜ ಮಾತ್ರೆಯವರಲ್ಲಿ ಬರಲಿಲ್ಲವೆನ್ನುವಷ್ಟು ಕಡಿಮೆ. ನಮ್ಮದೇ ಅಂಡಮಾನಿನಲ್ಲಿ, ವರ್ಷವಿಡೀ ಈ ರೋಗವಿರುವ ಹಳ್ಳಿಗಳಲ್ಲಿ ಮಾಡಿದ ಪ್ರಯೋಗದ ಫಲ ಬೇರೆ ಬಂತು: ಮಾತ್ರೆ ಸೋಂಕನ್ನು ತಡೆಯಲಿಲ್ಲ, ಆದರೆ ಕಾಯಿಲೆ ಬೀಳುವವರನ್ನು ಕಡಿಮೆ ಮಾಡಿತು. ಹಾಗಾಗಿ ಇದು ಕೆಲವು ವಾರಗಳ ನೆರೆಗೆ ಒಳ್ಳೆಯ ಆಸರೆ, ವರ್ಷವಿಡೀ ನುಂಗುವ ಮಾತ್ರೆಯಲ್ಲ. ಕೆಸರಿಗೆ ಇಳಿಯುವ ಕಾಲದಲ್ಲಿ ವಾರಕ್ಕೊಮ್ಮೆ, ಹೆಚ್ಚೆಂದರೆ ಆರು ವಾರ, ಆರೋಗ್ಯ ಕಾರ್ಯಕರ್ತರು ಹೇಳಿದಂತೆ. ಊಟದ ಮೇಲೆ ಲೋಟ ತುಂಬ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬಾರದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅದು ಸುಡುತ್ತದೆ. ಮಾತ್ರೆ ನುಂಗಿದ್ದೇನೆಂದು ಗಮ್‌ಬೂಟು, ಕೈಗವಸು ಬಿಡುವುದೂ ಸಲ್ಲ. ನೆಲಕ್ಕೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಯಬೇಕು, ನೀರು ಕುದಿಸಿ ಕುಡಿಯಬೇಕು.

ಈ ವರ್ಷ ನಿಮ್ಮೂರಿನಲ್ಲಿ ನೆರೆ ಬಂದು ನೀವು ಅಂಗಳದ ಕೆಸರು ಬಾಚಿದರೆ ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಅಲ್ಲಿಂದ ಒಂದು ತಿಂಗಳೊಳಗೆ ಜ್ವರ ಬಂದರೆ ವೈದ್ಯರು ಕೇಳುವವರೆಗೆ ಕಾಯಬೇಡಿ, ಕುರ್ಚಿಯಲ್ಲಿ ಕೂರುವಾಗಲೇ ಹೇಳಿ: ‘ಇಂಥ ತಾರೀಕು ನೆರೆ ಕೆಸರಿಗೆ ಇಳಿದಿದ್ದೆ.’